ವರ್ಷದ ನಡುವೆ ಕೆಲಸ ಬದಲಿಸಿದವರಿಗೆ ತೆರಿಗೆ ಆಪ್

ಪ್ರಶ್ನೆ: ಮೊದಲ ಸಲ ರಿಟರ್ನ್ ಸಲ್ಲಿಸುತ್ತಿದ್ದೇನೆ. ಸಂಬಳ ಬಿಟ್ಟರೆ ಬೇರೆ ಆದಾಯವಿಲ್ಲ, ಆದರೆ ಅಕ್ಟೋಬರಿನಲ್ಲಿ ಕಂಪನಿ ಬದಲಿಸಿದೆ. ಯಾವ ಆಪ್ ಒಳ್ಳೆಯದು?

ನಿಮ್ಮಂಥವರಿಗೆ ಐಟಿಆರ್-1 ಎಂಬ ಸರಳ ರಿಟರ್ನ್ ನಮೂನೆ ಸಾಕಾಗುವುದರಿಂದ, incometax.gov.in ಪೋರ್ಟಲ್‌ನಲ್ಲೇ ಉಚಿತವಾಗಿ ಸಲ್ಲಿಸುವುದು ಉತ್ತಮವೆಂದು ನನ್ನ ಅಭಿಪ್ರಾಯ. ಖಾಸಗಿ ಆಪ್ ಬಳಸಿದರೂ ತಪ್ಪಿಲ್ಲ, ಆದರೆ ಅದು ತೋರಿಸುವ ರೀಫಂಡ್ ಮೊತ್ತವನ್ನು ತಕ್ಷಣ ನಂಬಬೇಡಿ.

ನಾನೂ 2024–25ರಲ್ಲಿ ಅಕ್ಟೋಬರಿನಲ್ಲೇ ಕೆಲಸ ಬದಲಿಸಿದ್ದೆ. ಹಳೆಯ ಕಂಪನಿಯ ಆರು ತಿಂಗಳ ಸಂಬಳ 4,50,000 ರೂಪಾಯಿ, ಅದರಲ್ಲಿ ತೆರಿಗೆಗೆಂದು ಮುರಿದುಕೊಂಡ ಮೊತ್ತ, ಅಂದರೆ ಟಿಡಿಎಸ್, 16,900. ಹಿಂದಿನ ಸಂಬಳದ ವಿವರವನ್ನು ನಾನು ಕೊಡದಿದ್ದುದರಿಂದ ಹೊಸ ಕಂಪನಿಯವರು ತಮ್ಮ 5,40,000 ರೂಪಾಯಿಯನ್ನಷ್ಟೇ ಲೆಕ್ಕ ಹಿಡಿದು, ರಿಬೇಟ್‌ನಿಂದಾಗಿ ತೆರಿಗೆ ಬರುವುದಿಲ್ಲವೆಂದು ಏನನ್ನೂ ಮುರಿದುಕೊಳ್ಳಲಿಲ್ಲ. ಟಿಡಿಎಸ್ ಇಲ್ಲದ ಕಾರಣ, ಸಂಬಳ ಮತ್ತು ಟಿಡಿಎಸ್ ವಿವರವಿರುವ ಫಾರ್ಮ್ 16 ಎಂಬ ಪ್ರಮಾಣಪತ್ರವನ್ನೂ ಕೊಡಲಿಲ್ಲ. ಕೈಯಲ್ಲಿದ್ದ ಒಂದೇ ಫಾರ್ಮ್ 16ರ ಪಿಡಿಎಫ್ ಅನ್ನು ಆಪ್‌ಗೆ ಹಾಕಿದಾಗ, ಹಸಿರು ಅಕ್ಷರದಲ್ಲಿ 16,900 ರೂಪಾಯಿ ರೀಫಂಡ್ ಎಂದು ಬಂತು. ಖುಷಿಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಎರಡನೆಯ ಸಂಬಳದ ವಿಷಯ ಆಪ್‌ಗೆ ಗೊತ್ತೇ ಇರಲಿಲ್ಲ. ಸಂಬಳದ ಚೀಟಿಗಳನ್ನು ಕೂಡಿಸಿ ಅದನ್ನು ಸೇರಿಸಿದಾಗ ಒಟ್ಟು 9,90,000 ಆಯಿತು. ಹೊಸ ತೆರಿಗೆ ಪದ್ಧತಿಯ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 9,15,000. ಆ ವರ್ಷದ ದರದಂತೆ ಮೊದಲ 3 ಲಕ್ಷಕ್ಕೆ ತೆರಿಗೆಯಿಲ್ಲ, ಮುಂದಿನ 4 ಲಕ್ಷಕ್ಕೆ 20,000, ಉಳಿದ 2,15,000ಕ್ಕೆ 21,500. ಇದರ ಮೇಲೆ ಶೇ. 4 ಸೆಸ್ ಸೇರಿ 43,160 ರೂಪಾಯಿ. ಅಂದರೆ ಹಣ ವಾಪಸು ಬರುವುದಿರಲಿ, ಇನ್ನೂ 26,260 ರೂಪಾಯಿಯನ್ನು ಬಡ್ಡಿಯೊಂದಿಗೆ ನಾನೇ ಕಟ್ಟಬೇಕಿತ್ತು.

ನಿಮ್ಮ ಬಳಿ ಎರಡು ಫಾರ್ಮ್ 16 ಇದ್ದರೆ ಇನ್ನೊಂದು ಎಡವಟ್ಟು ಆಗಬಹುದು. ಎರಡರಲ್ಲೂ 75,000 ಕಳೆದಿರುತ್ತಾರೆ, ಆದರೆ ವರ್ಷಕ್ಕೆ ಒಂದೇ ಸಲ ಕಳೆಯಲು ಅವಕಾಶ. ಆದ್ದರಿಂದ ಕಡೆಯ ಸಾಲಿನ ನಿವ್ವಳ ಮೊತ್ತಗಳನ್ನು ಕೂಡಿಸದೆ, ಭಾಗ ಬಿಯಲ್ಲಿರುವ ಕಡಿತಕ್ಕೆ ಮುಂಚಿನ ಒಟ್ಟು ಸಂಬಳಗಳನ್ನು ಕೂಡಿಸಿ, ಆಪ್ ತೋರಿಸುವ ಒಟ್ಟು ಸಂಬಳ ಅದಕ್ಕೆ ಸರಿಹೊಂದುತ್ತದೆಯೇ ನೋಡಿ.

ಆದಾಯ ತೆರಿಗೆ ಇಲಾಖೆಯದೇ ಆದ AIS for Taxpayer ಆಪ್‌ನಲ್ಲಿ ಉಳಿತಾಯ ಖಾತೆಯ ಬಡ್ಡಿಯೂ ಕಾಣುತ್ತದೆ. ಸಂಬಳ ಬಿಟ್ಟರೆ ಬೇರೆ ಆದಾಯವಿಲ್ಲ ಎನ್ನುವವರು ಸಾಮಾನ್ಯವಾಗಿ ಮರೆಯುವುದು ಇದನ್ನೇ. ಆದರೆ ಅದರಲ್ಲಿ ಇಲ್ಲದ ಆದಾಯವನ್ನೂ ನಾವೇ ತೋರಿಸಬೇಕು. ಬಾಕಿ ತೆರಿಗೆಯನ್ನು ಪೋರ್ಟಲ್‌ನ e-Pay Tax ಮೂಲಕ ಕಟ್ಟಿ, ಚಲನ್ ವಿವರವನ್ನು ರಿಟರ್ನ್‌ನಲ್ಲಿ ತುಂಬಿದ ಮೇಲೆ ಮಾತ್ರ ಸಲ್ಲಿಸಿ. ಸಲ್ಲಿಸಿದ 30 ದಿನಗಳೊಳಗೆ ಆಧಾರ್ ಒಟಿಪಿಯಿಂದ ಇ-ವೆರಿಫೈ ಮಾಡಬೇಕು. ಆಪ್ ‘ಯಶಸ್ವಿ’ ಎಂದರೂ ಪೋರ್ಟಲ್‌ಗೆ ಹೋಗಿ, ಸಲ್ಲಿಸಿದ ರಿಟರ್ನ್ ವೆರಿಫೈ ಆಗಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ.