ಪೆನ್ ಟೂಲ್‌ಗೆ ಎಷ್ಟು ಡಿಪಿಐ ಸಾಕು?

"ಇಲ್ಲಸ್ಟ್ರೇಟರ್‌ನಲ್ಲಿ ಲೋಗೋ, ಆಮಂತ್ರಣ ಪತ್ರಿಕೆ ಮಾಡ್ತೇನೆ. 16000 ಡಿಪಿಐ, 1000 ಹರ್ಟ್ಜ್ ಇರುವ ಗೇಮಿಂಗ್ ಮೌಸ್ ತಗೊಂಡರೆ ಪೆನ್ ಟೂಲ್ ಕೆಲಸ ಜಾಸ್ತಿ ನಿಖರ ಆಗ್ತದಾ?"

ಆ ಎರಡು ಸಂಖ್ಯೆಗಳಿಂದ ಆಗುವುದಿಲ್ಲ. ಡಿಪಿಐ ಜಾಸ್ತಿ ಇಟ್ಟರೆ ಕೆಲಸ ಹಾಳಾಗುವುದೂ ಉಂಟು.

ನಾನು ಉಡುಪಿಯ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಡಿಸೈನ್ ಮಾಡುತ್ತೇನೆ. ಒಮ್ಮೆ ಯಕ್ಷಗಾನದ ಕರಪತ್ರಕ್ಕೆ ಫೋಟೋ ನೋಡಿ ಕಿರೀಟವನ್ನು ಟ್ರೇಸ್ ಮಾಡುತ್ತಿದ್ದೆ. ಅಂಚಿನ ಸಣ್ಣ ಸಣ್ಣ ಮಣಿಗಳ ಮೇಲೆ ಪಾಯಿಂಟ್ ಇಡಬೇಕು. ಸರಿಯಾಗಿ ಗುರಿ ಇಟ್ಟು ಒತ್ತಿದರೂ ಪಾಯಿಂಟ್ ಎರಡು ಮೂರು ಪಿಕ್ಸೆಲ್ ಆಚೆ ಬೀಳುತ್ತಿತ್ತು. ಕಣ್ಣು ದಣಿದಿದೆ ಅಂದುಕೊಂಡೆ. ಆಮೇಲೆ ನೋಡಿದರೆ ಮೌಸ್ 3200 ಡಿಪಿಐಯಲ್ಲಿತ್ತು.

ಮೌಸ್ ಒಂದು ಇಂಚು ಸರಿದಾಗ ಸೆನ್ಸರ್ ಎಷ್ಟು ಹೆಜ್ಜೆ ಎಣಿಸುತ್ತದೆ ಅನ್ನುವುದೇ ಡಿಪಿಐ. ವಿಂಡೋಸ್‌ನಲ್ಲಿ ಪಾಯಿಂಟರ್ ವೇಗ ನಟ್ಟನಡುವೆ ಇದ್ದು, Enhance pointer precision ಆಫ್ ಇದ್ದರೆ, ಒಂದು ಹೆಜ್ಜೆಗೆ ಬಾಣ ಒಂದು ಪಿಕ್ಸೆಲ್ ಸರಿಯುತ್ತದೆ. ಈಗ ಒಂದು ಝೆರಾಕ್ಸ್ ಹಾಳೆ ಕೈಯಲ್ಲಿ ಹಿಡಿಯಿರಿ. ಅದರ ದಪ್ಪ ಸುಮಾರು 0.1 ಮಿ.ಮೀ. ಮೌಸ್ ಅಷ್ಟೇ ಅಲುಗಿದರೆ 800 ಡಿಪಿಐಯಲ್ಲಿ ಬಾಣ 3 ಪಿಕ್ಸೆಲ್ ಸರಿಯುತ್ತದೆ, 3200ರಲ್ಲಿ 12 ಪಿಕ್ಸೆಲ್. ಬಟನ್ ಒತ್ತುವಾಗ ಬೆರಳು ಮೌಸನ್ನು ಒಂದಿಷ್ಟು ತಳ್ಳಿಯೇ ತಳ್ಳುತ್ತದೆ. ಡಿಪಿಐ ಜಾಸ್ತಿ ಇದ್ದಷ್ಟೂ ಆ ತಳ್ಳಾಟ ಪರದೆ ಮೇಲೆ ದೊಡ್ಡದಾಗಿ ಕಾಣುತ್ತದೆ, ಅಷ್ಟೇ ಮಾರಾಯ್ರೇ.

ನಿಮ್ಮ ಮೌಸನ್ನು ಹೀಗೆ ಪರೀಕ್ಷಿಸಿ. ಪೇಂಟ್ ತೆರೆದು, 100% ಝೂಮ್‌ನಲ್ಲಿ, ಅತಿ ತೆಳು ಪೆನ್ಸಿಲ್ ತಗೊಂಡು, ಒಂದೇ ಜಾಗದಲ್ಲಿ ಹತ್ತು ಸಲ ಕ್ಲಿಕ್ ಮಾಡಿ. ಮೌಸನ್ನು ಸರಿಸಬೇಡಿ. ಆಮೇಲೆ ಝೂಮ್ ಮಾಡಿ ನೋಡಿ. ಒಂದೇ ಚುಕ್ಕೆ ಇದ್ದರೆ ಚಿಂತೆ ಇಲ್ಲ. ಗೀರು ಮೂಡಿದ್ದರೆ ಡಿಪಿಐ ಇಳಿಸಿ ಮತ್ತೆ ಮಾಡಿ. ನನ್ನದು 3200ರಲ್ಲಿ ಐದಾರು ಪಿಕ್ಸೆಲ್ ಗೀರು ಹಾಕಿತ್ತು, 800ರಲ್ಲಿ ಒಂದೇ ಚುಕ್ಕೆ. ಇಳಿಸಿದ ಮೇಲೂ ಗೀರು ಬಂದರೆ ಬಟನ್ ಗಟ್ಟಿಯಾಗಿದೆ ಅಥವಾ ಮೌಸ್ ನಿಮ್ಮ ಕೈಗೆ ಸರಿಹೊಂದುತ್ತಿಲ್ಲ. ಹಾಗಾಗಿ ಅಂಗಡಿಯಲ್ಲಿ ಡಬ್ಬಿ ಓದುವ ಬದಲು ಬಟನ್ ಒತ್ತಿ ನೋಡಿ.

ತೀರಾ ಇಳಿಸಿದರೂ ಕಷ್ಟ. ಪರದೆಯ ಅಗಲದ ಪಿಕ್ಸೆಲ್ ಸಂಖ್ಯೆಯನ್ನು ಡಿಪಿಐಯಿಂದ ಭಾಗಿಸಿ. ಬಾಣ ಈ ಕಡೆಯಿಂದ ಆ ಕಡೆ ಹೋಗಲು ಕೈ ಎಷ್ಟು ಇಂಚು ಸರಿಯಬೇಕು ಅಂತ ಸಿಗುತ್ತದೆ. 1920 ಪಿಕ್ಸೆಲ್ ಪರದೆಗೆ 800 ಇಟ್ಟರೆ 2.4 ಇಂಚು, ಹಾಯಾಗಿರುತ್ತದೆ. 3840 ಅಗಲದ 4ಕೆ ಪರದೆಗೆ ಅದೇ 2.4 ಇಂಚು ಬೇಕಿದ್ದರೆ 1600 ಇಡಬೇಕು. ನಮ್ಮ ಕೆಲಸಕ್ಕೆ ಇದಕ್ಕಿಂತ ಮೇಲೆ ಹೋಗುವ ಅಗತ್ಯ ನನಗೆ ಬಂದಿಲ್ಲ. ಒಂದು ತಪ್ಪು ಮಾತ್ರ ಮಾಡಬೇಡಿ. ಮೌಸ್ ನಿಧಾನ ಅನ್ನಿಸಿದರೆ ವಿಂಡೋಸ್‌ನ ಪಾಯಿಂಟರ್ ವೇಗವನ್ನು ಮಧ್ಯದಿಂದ ಮೇಲೆ ಏರಿಸಬೇಡಿ. ಏರಿಸಿದರೆ ಬಾಣ ನಡುವಿನ ಪಿಕ್ಸೆಲ್‌ಗಳನ್ನು ಹಾರಿಕೊಂಡು ಹೋಗುತ್ತದೆ, ನಿಮಗೆ ಬೇಕಾದ ಪಿಕ್ಸೆಲ್ ಮೇಲೆ ನಿಲ್ಲದೇ ಹೋಗಬಹುದು. ಮೌಸ್‌ನ ಡಿಪಿಐಯನ್ನೇ ಏರಿಸಿ.

ಇನ್ನು ಹರ್ಟ್ಜ್. ಮೌಸ್ ಒಂದು ಸೆಕೆಂಡಿಗೆ ಎಷ್ಟು ಸಲ ಕಂಪ್ಯೂಟರ್‌ಗೆ ವರದಿ ಕೊಡುತ್ತದೆ ಅನ್ನುವುದು ಅದು. 125 ಅಂದರೆ 8 ಮಿಲಿಸೆಕೆಂಡಿಗೊಮ್ಮೆ, 1000 ಅಂದರೆ 1 ಮಿಲಿಸೆಕೆಂಡಿಗೊಮ್ಮೆ. 60 ಹರ್ಟ್ಜ್ ಪರದೆ ಚಿತ್ರ ಬದಲಿಸುವುದೇ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ. ಪೆನ್ ಟೂಲ್‌ನಲ್ಲಿ ನೀವು ನಿಂತು, ನೋಡಿ, ಒತ್ತುತ್ತೀರಿ. ಅಲ್ಲಿ 125 ಸಾಕು. ಬ್ರಷ್‌ನಲ್ಲಿ ಸರ್‍ರನೆ ಗೆರೆ ಎಳೆಯುವಾಗ ವ್ಯತ್ಯಾಸ ಕಾಣಬಹುದು. 800 ಡಿಪಿಐಯಲ್ಲಿ ಸೆಕೆಂಡಿಗೆ ಎರಡು ಇಂಚು ಎಳೆದರೆ, 125ರಲ್ಲಿ ಸುಮಾರು 13 ಪಿಕ್ಸೆಲ್‌ಗೆ ಒಂದು ಬಿಂದು ಸಿಗುತ್ತದೆ. ಸಣ್ಣ ಸುರುಳಿ ಮೂಲೆ ಮೂಲೆಯಾಗಿ ಬರಬಹುದು. ಅಂಥ ಕೆಲಸ ಜಾಸ್ತಿ ಇದ್ದರೆ 500 ಹರ್ಟ್ಜ್ ಇಡಿ.

ಮೌಸ್ ಬದಲಿಸುವ ಮೊದಲು ಅದರ ಕೆಳಗೆ ಏನಿದೆ ನೋಡಿ. ಗಾಜಿನ ಮೇಜು, ಹೊಳೆಯುವ ಸನ್‌ಮೈಕಾ ಮೇಲೆ ಎಷ್ಟೋ ಸೆನ್ಸರ್‌ಗಳು ದಾರಿ ತಪ್ಪುತ್ತವೆ. ಕೈ ತೆಗೆದರೂ ಬಾಣ ನಡುಗುತ್ತಿದ್ದರೆ ಮೊದಲು ಸಂಶಯಪಡಬೇಕಾದದ್ದು ಮೇಜನ್ನೇ. ಬಟ್ಟೆಯ ಪ್ಯಾಡ್ ಹಾಕಿದರೆ ಸರಿಹೋಗುತ್ತದೆ. ಆದರೆ ನಮ್ಮ ಕರಾವಳಿಯ ಆಟಿ ತಿಂಗಳ ಮಳೆಯಲ್ಲಿ ಆ ಪ್ಯಾಡೇ ಥಂಡಿ ಹಿಡಿಯುತ್ತದೆ. ಆಗ ಮೌಸ್ ಮೊದಲು ಅಂಟಿಕೊಂಡು, ಆಮೇಲೆ ತಟ್ಟನೆ ಜಾರುತ್ತದೆ. ಒಂದೆರಡು ಪಿಕ್ಸೆಲ್ ಸರಿಸಲು ಹೋದರೆ ಹತ್ತು ಸರಿಯುತ್ತದೆ. ನಾನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳಪಿಲ್ಲದ ಪ್ಲಾಸ್ಟಿಕ್ ಪ್ಯಾಡ್ ಹಾಕಿ, ಮೌಸ್‌ನ ಅಡಿಯ ಪಟ್ಟಿಗಳನ್ನು ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸುತ್ತೇನೆ.