ಕೆಂಪು ಎಲೆಕೋಸಿನ ರಸ: ಬಣ್ಣ ನೋಡಿದ ಮೇಲೆ ಹನಿ ಎಣಿಸಿ

ಪ್ರಶ್ನೆ: ಕೆಂಪು ಎಲೆಕೋಸಿನ ರಸ ಹಾಕಿ ಆಮ್ಲ, ಪ್ರತ್ಯಾಮ್ಲ ತೋರಿಸಿದೆ. 7ನೇ ತರಗತಿ ಮಕ್ಕಳಿಗೆ ಬಣ್ಣ ಗೊತ್ತಾಯ್ತು. ಆದ್ರೆ ಪಿಎಚ್ 1ಕ್ಕೂ 2ಕ್ಕೂ 10 ಪಟ್ಟು ವ್ಯತ್ಯಾಸ ಅನ್ನೋದು ತಲೆಗೆ ಹೋಗ್ತಿಲ್ಲ. ಏನು ಮಾಡಲಿ?

ಉತ್ತರ:

ಬಣ್ಣ ಅಷ್ಟಕ್ಕೇ ಸಾಕು, ಇನ್ನು ಹನಿ ಎಣಿಸಲು ಬಿಡಿ. ಪಿಎಚ್ 1ರಲ್ಲೂ 2ರಲ್ಲೂ ರಸ ಕೆಂಪಾಗಿಯೇ ಇರುತ್ತದೆ, ಕಣ್ಣಿಗೆ ಎರಡೂ ಒಂದೇ. ಆ ಮಟ್ಟಕ್ಕೆ ಬರುವಷ್ಟರಲ್ಲಿ ರಸದಲ್ಲಿರುವ ಆಂಥೋಸಯನಿನ್ ಬಹುಪಾಲು ಕೆಂಪು ರೂಪಕ್ಕೆ ತಿರುಗಿಬಿಟ್ಟಿರುತ್ತದೆ, ಇನ್ನೆಷ್ಟು ಆಮ್ಲ ಹಾಕಿದರೂ ಅದು ಮತ್ತಷ್ಟು ಕೆಂಪಾಗಲು ಜಾಗವೇ ಇಲ್ಲ. ಹಾಗಾಗಿ ಬಣ್ಣದ ಪಟ್ಟಿ ಎಷ್ಟು ಚೆನ್ನಾಗಿ ಮಾಡಿದರೂ ಈ 10 ಪಟ್ಟು ಅದರಲ್ಲಿ ಕಾಣುವುದಿಲ್ಲ.

ನಾನು ಮಾಡುವುದು ಹೀಗೆ. ಎಲೆಕೋಸನ್ನು ಸಣ್ಣಗೆ ಹೆಚ್ಚಿ, ಮುಳುಗುವಷ್ಟು ಬಿಸಿ ಡಿಸ್ಟಿಲ್ಡ್ ನೀರು ಹಾಕಿ 10 ನಿಮಿಷ ಬಿಟ್ಟು ಸೋಸಿ. ಗಾಜು ಅಥವಾ ಸ್ಟೀಲ್ ಪಾತ್ರೆ ಇರಲಿ. ರಸ ಗಾಢ ನೇರಳೆಯಾಗಿರಬೇಕು, ಆಗ ಕೆಲವೇ ಹನಿ ಸಾಕಾಗುತ್ತದೆ.

ಆಮ್ಲಕ್ಕೆ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಬೇಕು. ಅದನ್ನು ನೀವೇ ಮೊದಲೇ ತಯಾರಿಸಿಟ್ಟುಕೊಳ್ಳಿ, ಗಾಢ ಆಮ್ಲದ ಬಾಟಲಿ ಮಕ್ಕಳ ಮುಂದೆ ಬರುವುದೇ ಬೇಡ. ಕಣ್ಣಿಗೆ ಕನ್ನಡಕ ಎಲ್ಲರಿಗೂ ಇರಲಿ. ಇದು 1ನೇ ಲೋಟ, ಪಿಎಚ್ ಸುಮಾರು 1. ಇದರಿಂದ 10 ಮಿ.ಲೀ. ತೆಗೆದು 90 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಹಾಕಿದರೆ 2ನೇ ಲೋಟ, ಪಿಎಚ್ ಸುಮಾರು 2. ಎರಡರಿಂದಲೂ 5 ಮಿ.ಲೀ. ಬೇರೆ ಬೇರೆ ಚಿಕ್ಕ ಲೋಟಕ್ಕೆ ತೆಗೆದು, ಎರಡಕ್ಕೂ ಸಮನಾಗಿ 10 ಹನಿ ಎಲೆಕೋಸಿನ ರಸ ಹಾಕಿ.

ಈಗ ಮಕ್ಕಳನ್ನೇ ಕೇಳಿ: ಎರಡರಲ್ಲಿ ಯಾವುದರಲ್ಲಿ ಆಮ್ಲ ಜಾಸ್ತಿ? ಎರಡೂ ಒಂದೇ ಅನ್ನುತ್ತಾರೆ. ಅನ್ನಲಿ ಬಿಡಿ, ಆ ಮಾತು ಅವರ ಬಾಯಲ್ಲಿ ಬರಲೇಬೇಕು, ಆಮೇಲಿನ ಎಣಿಕೆಗೆ ಅರ್ಥ ಬರುವುದೇ ಅದರಿಂದ.

4.2 ಗ್ರಾಂ ಅಡುಗೆ ಸೋಡಾವನ್ನು ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ ಒಟ್ಟು 500 ಮಿ.ಲೀ. ಮಾಡಿಟ್ಟಿರಿ. ಡ್ರಾಪರ್‌ನಲ್ಲಿ ಒಂದೊಂದೇ ಹನಿ ಬಿಡುತ್ತಾ, ಕಲಕುತ್ತಾ, ಕೆಂಪು ಹೋಗಿ ನೇರಳೆ ನಿಲ್ಲುವವರೆಗೆ ಎಣಿಸಬೇಕು. 2ನೇ ಲೋಟದ್ದು ಸುಮಾರು 10 ಹನಿಗೇ ಮುಗಿಯುತ್ತದೆ. 1ನೇ ಲೋಟದ್ದು 20 ಆದರೂ ಕೆಂಪು, 50 ಆದರೂ ಕೆಂಪು. 100ರ ಹತ್ತಿರ ಬಂದಾಗ ಹನಿ ಬಿದ್ದ ಜಾಗದಲ್ಲಿ ನೇರಳೆ ಕಾಣಿಸಿ ಕಲಕಿದೊಡನೆ ಮಾಯವಾಗುತ್ತದೆ, ಆಮೇಲೆ ಕೊನೆಗೊಮ್ಮೆ ನಿಲ್ಲುತ್ತದೆ. ಎಣಿಸಿ ಎಣಿಸಿ ಕೈ ಸೋತ ಮಗುವಿಗೆ 10 ಪಟ್ಟು ಅಂದರೆ ಏನು ಅಂತ ಮತ್ತೆ ಹೇಳಬೇಕಾಗಿಲ್ಲ. ಎರಡಕ್ಕೂ ಒಂದೇ ಡ್ರಾಪರ್ ಬಳಸಿ, ಹನಿಯ ಗಾತ್ರ ಬೇರೆಯಾದರೆ ಲೆಕ್ಕ ಕೆಡುತ್ತದೆ. ನಾಲ್ಕೈದು ಹನಿ ಆಚೀಚೆ ಆಗಬಹುದು, ಯಾಕೆಂದರೆ ಹುಟ್ಟುವ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಹೊತ್ತು ನೀರಿನಲ್ಲೇ ಉಳಿದು ಕೆಂಪು ಛಾಯೆಯನ್ನು ಎಳೆದಾಡಿಸುತ್ತದೆ. ಅದಕ್ಕೇ ಚೆನ್ನಾಗಿ ಕಲಕಬೇಕು.

ಇದು ಕೆಡುವುದು ಹೆಚ್ಚಾಗಿ ನಲ್ಲಿ ನೀರಿನಿಂದ. ನಲ್ಲಿ ನೀರಿನಲ್ಲಿ ಸಾಮಾನ್ಯವಾಗಿ ಬೈಕಾರ್ಬನೇಟ್ ಇರುತ್ತದೆ, ಅದು ಆಮ್ಲವನ್ನು ಸುಮ್ನೆ ನುಂಗಿಬಿಡುತ್ತದೆ. 2ನೇ ಲೋಟದಿಂದ ಮತ್ತೆ 10 ಪಟ್ಟು ತೆಳು ಮಾಡಿ 3ನೇ ಲೋಟ ಮಾಡಿದಿರಿ ಅಂದುಕೊಳ್ಳಿ. ಡಿಸ್ಟಿಲ್ಡ್ ನೀರಾದರೆ ರಸ ಗುಲಾಬಿ ಬಣ್ಣಕ್ಕೆ ಬರುತ್ತದೆ. ಗಡಸು ನೀರಾದರೆ ನೇರಳೆಯಾಗಿಯೋ ನೀಲಿಯಾಗಿಯೋ ಉಳಿಯುತ್ತದೆ. ಹಾಗಾದರೆ ತಪ್ಪಿರುವುದು ನೀರಿನಲ್ಲಿ.

ಹೈಡ್ರೋಕ್ಲೋರಿಕ್ ಸಿಗದಿದ್ದರೆ ವಿನೆಗರ್ ಸಾಕಲ್ವಾ ಅನ್ನಿಸಬಹುದು. ಹನಿಗಳ ಲೆಕ್ಕ ಅದರಲ್ಲೂ 10 ಪಟ್ಟೇ ಬರುತ್ತದೆ. ಆದರೆ ವಿನೆಗರ್ ದುರ್ಬಲ ಆಮ್ಲ, ಅದನ್ನು 10 ಪಟ್ಟು ತೆಳು ಮಾಡಿದರೆ ಪಿಎಚ್ ಸುಮಾರು ಅರ್ಧ ಮಾತ್ರ ಏರುತ್ತದೆ, ಪೂರ್ತಿ 1 ಅಲ್ಲ. ಮುಕ್ಕಾಲುವಾಸಿ ಅಲ್ಲ, ಅದಕ್ಕಿಂತ ಎಷ್ಟೋ ಹೆಚ್ಚು ಪಾಲು ಆಮ್ಲ ನೀರಿನಲ್ಲಿ ಅಯಾನು ಬಿಟ್ಟುಕೊಡದೆ ಸುಮ್ಮನಿರುತ್ತದೆ, ಸೋಡಾ ಬಂದಾಗಲೇ ಹೊರಬರುತ್ತದೆ. ಹನಿ ಎಣಿಸುವುದು ಇರುವ ಒಟ್ಟು ಆಮ್ಲವನ್ನು, ಪಿಎಚ್ ಹೇಳುವುದು ಈಗ ಬಿಟ್ಟಿರುವ ಹೈಡ್ರೋಜನ್ ಅಯಾನುಗಳನ್ನು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಎರಡೂ ಒಂದೇ ಆಗುವುದರಿಂದಲೇ ಈ ಪಾಠಕ್ಕೆ ಅದು ಬೇಕು. ವಿನೆಗರ್‌ನಲ್ಲಿ ಮಾಡಿ ಲೋಟಗಳ ಮೇಲೆ 3, 4, 5 ಅಂತ ಚೀಟಿ ಅಂಟಿಸಬೇಡಿ.

ರಸ ಎರಡು ಮೂರು ದಿನ ಫ್ರಿಜ್‌ನಲ್ಲಿ ಇರುತ್ತದೆ, ಆಮೇಲೆ ವಾಸನೆ ಬರುತ್ತದೆ. ಮುಂದಿನ ತರಗತಿಗೂ ಬೇಕಿದ್ದರೆ ಐಸ್ ಟ್ರೇಯಲ್ಲಿ ಹಾಕಿ ಫ್ರೀಜರ್‌ನಲ್ಲಿಟ್ಟುಬಿಡಿ.