ಮೆಟ್ರೋ ಟೋಕನ್ನಿಗೆ ಎಷ್ಟು ಹೊತ್ತಿನ ಅವಕಾಶ?

*ಹಾಸನದಿಂದ ರೈಲಿನಲ್ಲಿ ಯಶವಂತಪುರಕ್ಕೆ ಬಂದು, ಅಲ್ಲಿಂದ ಮೆಟ್ರೋದಲ್ಲಿ ತಾಯಿಯನ್ನು ವೈಟ್‌ಫೀಲ್ಡಿಗೆ ಕರೆದುಕೊಂಡು ಹೋಗಬೇಕು. ಮಗಳು ವಿಜಯನಗರದಿಂದ ಬಂದು ಮೆಜೆಸ್ಟಿಕ್ಕಿನಲ್ಲಿ ಜೊತೆಯಾಗುತ್ತಾಳೆ. ಸ್ಟೇಷನ್ನಿನೊಳಗೆ 20 ನಿಮಿಷಕ್ಕಿಂತ ಜಾಸ್ತಿ ಕೂತರೆ ದಂಡ ಅಂತ ಯಾರೋ ಹೆದರಿಸಿದ್ದಾರೆ. ಮೆಜೆಸ್ಟಿಕ್ಕಿನಲ್ಲಿ ಅವಳಿಗಾಗಿ ಕಾಯಬಹುದೇ?*
*— ಓದುಗರೊಬ್ಬರು, ಹಾಸನ*

ಧಾರಾಳವಾಗಿ ಕಾಯಿರಿ. 20 ನಿಮಿಷದ ನಿಯಮ ಇರುವುದು ನಿಜ, ಆದರೆ ಅದು ನಿಮ್ಮ ಪ್ರಯಾಣಕ್ಕೆ ತಾಗುವುದಿಲ್ಲ.

ನೀವು ಯಶವಂತಪುರದ ಗೇಟಿನಲ್ಲಿ ಟೋಕನ್ ಮುಟ್ಟಿಸಿದಾಗ ಅದರೊಳಗಿನ ಚಿಪ್ಪಿನಲ್ಲಿ ಎರಡು ಸಂಗತಿ ದಾಖಲಾಗುತ್ತವೆ: ಯಾವ ಸ್ಟೇಷನ್, ಎಷ್ಟು ಗಂಟೆ. ವೈಟ್‌ಫೀಲ್ಡಿನಲ್ಲಿ ಟೋಕನ್ನನ್ನು ಗೇಟಿಗೆ ಹಾಕಿದಾಗ ಯಂತ್ರ ಅದನ್ನೇ ಓದಿ, ತನ್ನ ಗಡಿಯಾರದ ಜೊತೆ ಹೋಲಿಸುತ್ತದೆ. ನಡುವೆ ನೀವು ಎಲ್ಲಿ ಇಳಿದಿರಿ, ಯಾವ ಪ್ಲಾಟ್‌ಫಾರಂನಲ್ಲಿ ಕೂತಿರಿ ಎನ್ನುವುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಮೆಜೆಸ್ಟಿಕ್ಕಿನಲ್ಲಿ ನೀವು ಗೇಟು ದಾಟದೆ ಹಸಿರು ಮಾರ್ಗದಿಂದ ನೇರಳೆ ಮಾರ್ಗಕ್ಕೆ ಹೋಗುವುದರಿಂದ ಅಲ್ಲಿ ಕಾದ ಹೊತ್ತಿಗೆ ಬೇರೆ ಲೆಕ್ಕ ಇಲ್ಲ.

20 ನಿಮಿಷದ ಮಿತಿ ಇರುವುದು ಒಳಗೆ ಹೋದ ಸ್ಟೇಷನ್ನಿನಲ್ಲೇ ಹೊರಗೆ ಬರುವವರಿಗೆ. ಮನಸ್ಸು ಬದಲಾಯಿತು, ಏನೋ ಮರೆತು ಬಂದಿರಿ ಎಂದುಕೊಳ್ಳಿ, ಅಷ್ಟರೊಳಗೆ ವಾಪಸ್ ಬರಬೇಕು. ಇನ್ನೊಂದು ಸ್ಟೇಷನ್ನಿಗೆ ಹೋಗಿ, ಗೇಟು ದಾಟದೆ ಮೊದಲಿನ ಸ್ಟೇಷನ್ನಿಗೇ ಮರಳಿದರೂ ಇದೇ ನಿಯಮ. ಬೇರೆ ಸ್ಟೇಷನ್ನಿನಲ್ಲಿ ಹೊರಬರುವವರಿಗೆ 120 ನಿಮಿಷ ಸಿಗುತ್ತದೆ. ನಿಮಗೆ ಅನ್ವಯಿಸುವುದು ಇದು.

ಈಗ ನಿಮ್ಮ ದಾರಿಯನ್ನೇ ಲೆಕ್ಕ ಹಾಕೋಣ. ಬೆಳಿಗ್ಗೆ 10 ಗಂಟೆಗೆ ಯಶವಂತಪುರದ ಗೇಟು ದಾಟಿದಿರಿ ಅಂದುಕೊಳ್ಳಿ. ಮೆಜೆಸ್ಟಿಕ್ಕಿಗೆ ಸುಮಾರು 15 ನಿಮಿಷ. ಅಲ್ಲಿಂದ ವೈಟ್‌ಫೀಲ್ಡಿಗೆ ಸುಮಾರು 55 ನಿಮಿಷ. ಒಟ್ಟು 70 ನಿಮಿಷ ಆಯಿತು. 12 ಗಂಟೆಯವರೆಗೆ ಅವಕಾಶ ಇರುವುದರಿಂದ 50 ನಿಮಿಷ ಉಳಿಯುತ್ತದೆ. ಆದರೆ ಅಷ್ಟೂ ಮಗಳಿಗಾಗಿ ಕಾಯುವುದಕ್ಕಲ್ಲ. ಲೆಕ್ಕ ಶುರುವಾಗುವುದು ರೈಲು ಹತ್ತಿದಾಗ ಅಲ್ಲ, ಗೇಟು ದಾಟಿದಾಗ. ತಾಯಿಯವರಿಗೆ ಲಿಫ್ಟ್ ಹುಡುಕುವುದು, ಮೆಜೆಸ್ಟಿಕ್ಕಿನಲ್ಲಿ ಕೆಳಗಿನ ಹಂತದಿಂದ ಮೇಲಿನ ಹಂತಕ್ಕೆ ಬರುವುದು, ಎರಡು ಕಡೆ ರೈಲಿಗೆ ಕಾಯುವುದು, ಕೊನೆಗೆ ಗೇಟಿನ ಮುಂದಿನ ಸಾಲು, ಎಲ್ಲ ಇದರಲ್ಲೇ ಬರುತ್ತದೆ. ಅದಕ್ಕೆ 20 ನಿಮಿಷ ಎತ್ತಿಟ್ಟರೂ ಅರ್ಧ ಗಂಟೆ ನೆಮ್ಮದಿಯಾಗಿ ಕಾಯಬಹುದು. ಮಗಳು ಒಂದು ಗಂಟೆ ತಡವಾಗುತ್ತಾಳೆ ಎಂದು ಮೊದಲೇ ಗೊತ್ತಾದರೆ ಯಶವಂತಪುರದಲ್ಲಿ ಗೇಟಿನ ಹೊರಗೇ ಕೂತಿರಿ. ಅಲ್ಲಿ ಯಾವ ಲೆಕ್ಕವೂ ಇಲ್ಲ. ಟೋಕನ್ನನ್ನೂ ಹೊರಡುವಾಗಲೇ ಕೊಳ್ಳಿ.

ಮಗಳ ಟೋಕನ್ನಿನ ಲೆಕ್ಕ ಅವಳದೇ. ವಿಜಯನಗರದಲ್ಲಿ ಅವಳು ಗೇಟು ದಾಟಿದಾಗಿನಿಂದ ಅವಳ 120 ನಿಮಿಷ ಶುರು.

ಎಲ್ಲ ಸರಿ ಹೋಗಿಯೂ ಹೊತ್ತು ಮೀರಿತು ಅನ್ನಿ. ವೈಟ್‌ಫೀಲ್ಡಿನ ಗೇಟು ತೆರೆಯುವುದಿಲ್ಲ, ಪರದೆಯ ಮೇಲೆ ಕೆಂಪು ಗುರುತು ಬರುತ್ತದೆ. ಮುಂದಿನವರ ಹಿಂದೆಯೇ ನುಸುಳಲು ಹೋಗಬೇಡಿ. ಟೋಕನ್ ಹಿಡಿದು ಗೇಟಿನ ಪಕ್ಕದ ಗ್ರಾಹಕ ಸೇವಾ ಕೌಂಟರಿಗೆ ಹೋಗಿ. ಅಲ್ಲಿಯ ಸಿಬ್ಬಂದಿ ಅದನ್ನು ಯಂತ್ರದ ಮೇಲಿಟ್ಟು ನೀವು ಒಳಬಂದ ಹೊತ್ತು ನೋಡುತ್ತಾರೆ. ಹೆಚ್ಚುವರಿ ಶುಲ್ಕ 50 ರೂಪಾಯಿವರೆಗೆ ಬೀಳಬಹುದು. ಇದು ಒಂದೊಂದು ಟೋಕನ್ನಿಗೂ ಬೇರೆ ಬೇರೆ, ಅಂದರೆ ನೀವು ಮತ್ತು ತಾಯಿ ಇಬ್ಬರೂ ಕೊಡಬೇಕಾಗುತ್ತದೆ. ಹಣ ಕಟ್ಟಿದ ಮೇಲೆ ಟೋಕನ್ ಸರಿಪಡಿಸಿ ವಾಪಸ್ ಕೊಡುತ್ತಾರೆ. ಅದನ್ನು ಗೇಟಿಗೆ ಹಾಕಿ ಹೊರಬನ್ನಿ. ರಸೀದಿ ಕೇಳಿ ಪಡೆಯಿರಿ.

ಹಣ ಕಟ್ಟುವ ಮೊದಲು ಯಾವುದಕ್ಕೆ ಎಂದು ಒಮ್ಮೆ ಕೇಳಿ. ಕೊಂಡ ಟೋಕನ್ನಿಗಿಂತ ಮುಂದಿನ ಸ್ಟೇಷನ್ನಿನಲ್ಲಿ ಇಳಿದರೂ ಗೇಟು ಹೀಗೇ ತಡೆಯುತ್ತದೆ. ಆದರೆ ಅದು ದೂರ ಹೆಚ್ಚಾದದ್ದರ ಲೆಕ್ಕ, ಹೊತ್ತು ಮೀರಿದ್ದರದ್ದಲ್ಲ.

ರೈಲೇ ನಡುದಾರಿಯಲ್ಲಿ ನಿಂತು ತಡವಾಗಿದ್ದರೆ ಸುಮ್ನೆ ಹಣ ಕೊಟ್ಟು ಬರಬೇಡಿ. ಎಲ್ಲಿ, ಎಷ್ಟು ಹೊತ್ತು ನಿಂತಿತ್ತು ಎಂದು ಕೌಂಟರಿನಲ್ಲಿ ಹೇಳಿ, ಸ್ಟೇಷನ್ ನಿಯಂತ್ರಕರನ್ನು ಕರೆಯಲು ಕೇಳಿ. ಮೆಟ್ರೋದ ಟಿಕೆಟ್ ವ್ಯವಸ್ಥೆಗಳಲ್ಲಿ ಇಂಥ ಹೊತ್ತಿಗೆಂದೇ ಒಂದು ಏರ್ಪಾಡು ಇರುತ್ತದೆ. ಅದನ್ನು ಹಾಕಿದರೆ ಗೇಟುಗಳು ಸಮಯದ ಮಿತಿಯನ್ನು ನೋಡದೆ ಎಲ್ಲರನ್ನೂ ಹೊರಗೆ ಬಿಡುತ್ತವೆ. ತಡವಾದದ್ದು ನಿಮ್ಮಿಂದಲ್ಲ ಎಂದಾದಾಗ ಶುಲ್ಕ ಬಿಡಿ ಎಂದು ಕೇಳಲು ಸಂಕೋಚ ಬೇಡ.

— ಸಂಪಾದಕ